‘ಏನೂ ಆಗಲ್ಲ’ ಎನ್ನುವವರ ಎದುರು ಕೂರುವ ಪಾಠ

“ಏನು ಮಾಡಿದ್ರೂ ಅಷ್ಟೇ ಮೇಡಂ. ಇದರಿಂದೇನೂ ಆಗಲ್ಲ.”

ಆಪ್ತಸಮಾಲೋಚನೆಯ ತರಬೇತಿಗೆ ಬಂದ ಹೊಸಬರ ಬಾಯಿ ಕಟ್ಟಿಹಾಕುವ ಮಾತು ಇದು. ಅಳುವವರ ಜೊತೆ ಸುಮ್ಮನೆ ಕೂರಬಹುದು, ಸಿಟ್ಟಾದವರು ತಣ್ಣಗಾಗುವವರೆಗೆ ಕಾಯಬಹುದು. ಯಾವುದರಲ್ಲೂ ಭರವಸೆ ಉಳಿದಿಲ್ಲ ಎಂದು ಶಾಂತವಾಗಿ ಹೇಳಿ ಮುಖ ತಿರುಗಿಸಿ ಕೂತವರಿಗೆ ಏನು ಹೇಳುವುದು? ಇದನ್ನು ಪುಸ್ತಕ ಓದಿ ಕಲಿಯಲಾಗದು. ನಿಜವಾಗಿ ನೊಂದು ಬಂದವರ ಮೇಲೆ ಪ್ರಯೋಗ ಮಾಡಿ ಕಲಿಯುವುದೂ ಸರಿಯಲ್ಲ. ಹಾಗಾಗಿ ತರಬೇತಿಯಲ್ಲಿ ರೋಲ್ ಪ್ಲೇ ಮಾಡಿಸುತ್ತಾರೆ. ಒಬ್ಬರು ಕಷ್ಟ ಹೇಳಿಕೊಳ್ಳಲು ಬಂದವರು, ಒಬ್ಬರು ಸಮಾಲೋಚಕರು, ಇನ್ನೊಬ್ಬರು ನೋಡಿ ಬರೆದುಕೊಳ್ಳುವವರು. ಈ ಅಭ್ಯಾಸಕ್ಕೆ ಬರೆಯುವ ಸ್ಕ್ರಿಪ್ಟ್ ಹೇಗಿರಬೇಕು ಎಂಬುದನ್ನು ನೋಡಿದರೆ ಸಮಾಲೋಚನೆ ಹೇಗೆ ನಡೆಯುತ್ತದೆ ಎಂಬುದೂ ತಿಳಿಯುತ್ತದೆ.

ನಾಟಕದ ಹಾಗೆ ಇಬ್ಬರ ಮಾತನ್ನೂ ಬರೆದು ಬಾಯಿಪಾಠ ಮಾಡಿಸಿದರೆ ಉಪಯೋಗವಿಲ್ಲ. ಸಮಾಲೋಚಕರ ಪಾತ್ರ ವಹಿಸುವವರಿಗೆ ಕೊಡುವುದು ಎರಡೇ ಸಾಲು: ‘ಸರೋಜಮ್ಮ, 45 ವರ್ಷ, ಗಾರ್ಮೆಂಟ್ಸ್‌ನಲ್ಲಿ ಟೈಲರ್. ತಂಗಿಯ ಒತ್ತಾಯಕ್ಕೆ ಬಂದಿದ್ದಾರೆ.’ ಸರೋಜಮ್ಮನ ಪಾತ್ರ ವಹಿಸುವವರ ಹಾಳೆಯಲ್ಲಿ ಪೂರ್ತಿ ಕಥೆ ಇರುತ್ತದೆ. ಗಂಡ ತೀರಿಕೊಂಡು ಎರಡು ವರ್ಷವಾಗಿದೆ. ಮಗ ಬೇರೆ ಊರಿನಲ್ಲಿದ್ದಾನೆ, ಫೋನ್ ಅಪರೂಪ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಡಾಕ್ಟರು ಕೊಟ್ಟ ಮಾತ್ರೆಯನ್ನು ಹತ್ತು ದಿನ ನುಂಗಿ, ತೂಕಡಿಕೆ ಬಂತೆಂದು ಬಿಟ್ಟಿದ್ದಾರೆ. ಹರಕೆಯೂ ಆಗಿದೆ. ಹಿಂದೊಮ್ಮೆ ಕಂಡ ಸಮಾಲೋಚಕರು ‘ಪಾಸಿಟಿವ್ ಆಗಿರಿ’ ಎಂದು ಹೇಳಿ ಕಳಿಸಿದ್ದಾರೆ. ಕೊನೆಗೆ, ಕೇಳದೆ ಹೇಳಬಾರದ ಎರಡು ವಿಷಯಗಳಿವೆ: ಮಲಗಿದವಳು ಏಳದಿದ್ದರೆ ಸಾಕು ಎಂದು ಅನ್ನಿಸುತ್ತಿರುತ್ತದೆ, ಬಿಟ್ಟ ಮಾತ್ರೆಗಳು ಮನೆಯಲ್ಲೇ ಇವೆ.

ಆ ಹಾಳೆಯ ಕೆಳಗೆ ಸಂಭಾಷಣೆಯ ಬದಲು ನಿಯಮಗಳಿರುತ್ತವೆ. ಎದುರಿನವರು ಸಲಹೆ ಕೊಟ್ಟರೆ ಅದು ಏಕೆ ಆಗದೆಂದು ಹೇಳಿ. ಧೈರ್ಯದ ಮಾತು ಹೇಳಿದರೆ ‘ಸರಿ ಮೇಡಂ’ ಎಂದು ಚುಟುಕಾಗಿ ಮುಗಿಸಿ. ನಿಮ್ಮ ಮಾತು ನಿಜಕ್ಕೂ ಅರ್ಥವಾಗಿದೆ ಅನ್ನಿಸಿದರೆ ಮಾತ್ರ ಇನ್ನೊಂದು ಸಂಗತಿ ಬಿಟ್ಟುಕೊಡಿ, ಒಂದೇ ಒಂದು. ಹೀಗೆ ಬರೆದರೆ ಸಮಾಲೋಚಕರ ಒಂದೊಂದು ಮಾತಿಗೂ ಅದರ ಫಲ ಅಲ್ಲೇ ಕಾಣುತ್ತದೆ.

ಮೊದಲ ಸುತ್ತು ಹೆಚ್ಚುಕಡಿಮೆ ಹೀಗೆ ನಡೆಯುತ್ತದೆ.

“ಹಾಗೆಲ್ಲ ಅನ್ಕೋಬಾರ್ದು ಸರೋಜಮ್ಮ. ದಿನಾ ಸ್ವಲ್ಪ ವಾಕಿಂಗ್ ಹೋಗಿ ನೋಡಿ.”

“ಎಂಟು ಗಂಟೆ ಮೆಷಿನ್ ಮುಂದೆ ಕೂತು ಬಂದ ಮೇಲೆ ಕಾಲೇ ಬರಲ್ಲ ಮೇಡಂ.”

“ಹಾಗಾದ್ರೆ ತಂಗಿ ಮನೇಲಿ ನಾಕು ದಿನ ಇದ್ದು ಬನ್ನಿ?”

“ಅವಳಿಗೇ ಸಾವಿರ ತಾಪತ್ರಯ ಇದೆ.”

“ಯೋಗ, ಧ್ಯಾನ ಏನಾದ್ರೂ...”

“ಎಲ್ಲಾ ಆಯ್ತು ಮೇಡಂ. ನಿಮ್ಮ ಟೈಮೂ ಹಾಳು.”

ನಾಲ್ಕೇ ನಿಮಿಷದಲ್ಲಿ ಸಲಹೆಗಳ ದಾಸ್ತಾನು ಖಾಲಿಯಾಗುತ್ತದೆ. ‘ಹೀಗೆ ಮಾಡಬಹುದಲ್ಲ’ ಎಂದು ಒಬ್ಬರು, ‘ಹೌದು, ಆದರೆ’ ಎಂದು ಇನ್ನೊಬ್ಬರು. ಈ ಮಾತಿನ ಆಟವನ್ನು ಮನೋವೈದ್ಯ ಎರಿಕ್ ಬರ್ನ್ 1964ರಷ್ಟು ಹಿಂದೆಯೇ ವಿವರಿಸಿದ್ದರು. ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಎಂಬ ಸಂವಾದ ಪದ್ಧತಿಯನ್ನು ರೂಪಿಸಿದ ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್‌ನಿಕ್ ಇದರ ಮೂಲವನ್ನು ಕೇಳುವವರಲ್ಲಿ ಗುರುತಿಸಿದರು. ಕಷ್ಟ ಕಂಡ ಕೂಡಲೇ ಸರಿಮಾಡಿಬಿಡಬೇಕೆಂಬ ತುಡಿತ ಅದು. ನಾವು ‘ಆಗುತ್ತದೆ’ ಎಂಬ ಪಕ್ಷ ಹಿಡಿದರೆ ಎದುರಿನವರಿಗೆ ಉಳಿಯುವುದು ‘ಆಗಲ್ಲ’ ಎಂಬ ಪಕ್ಷ. ವಾದ ಮುಂದುವರಿದಷ್ಟೂ ಅವರು ತಮ್ಮ ಹತಾಶೆಗೆ ತಾವೇ ಹೊಸ ಹೊಸ ಕಾರಣ ಹುಡುಕಿ ಹೇಳುತ್ತಾರೆ, ಹೇಳಿದ್ದನ್ನು ಇನ್ನಷ್ಟು ಬಲವಾಗಿ ನಂಬುತ್ತಾರೆ.

ಎರಡನೇ ಸುತ್ತಿಗೆ ತರಬೇತುದಾರರು ಹಾಕುವ ಷರತ್ತು ಸರಳ. ಮೊದಲ ಹತ್ತು ನಿಮಿಷ ಒಂದೂ ಸಲಹೆ ಕೊಡುವಂತಿಲ್ಲ.

“ಏನು ಮಾಡಿದ್ರೂ ಅಷ್ಟೇ ಮೇಡಂ. ಇದರಿಂದೇನೂ ಆಗಲ್ಲ.”

“ತುಂಬಾನೇ ಮಾಡಿ ನೋಡಿದ್ದೀರಿ ಅನ್ಸುತ್ತೆ. ಏನೇನು ಮಾಡಿದ್ರಿ, ಹೇಳ್ತೀರಾ?”

“ಮಾತ್ರೆ ತಗೊಂಡೆ, ಹರಕೆ ಹೊತ್ತೆ. ಇಲ್ಲಿ ಥರಾನೇ ಇನ್ನೊಂದ್ ಕಡೆನೂ ಹೋಗಿದ್ದೆ. ಪಾಸಿಟಿವ್ ಆಗಿರಿ ಅಂದ್ರು.”

“ಹಾಗಂದಾಗ ನಿಮಗೆ ಏನನ್ನಿಸ್ತು?”

“ಏನನ್ನಿಸುತ್ತೆ? ನಾನೇ ಸರಿಯಿಲ್ಲ ಅನ್ನಿಸ್ತು.”

“ಕಷ್ಟ ಹೇಳ್ಕೊಳ್ಳೋಕೆ ಹೋದ್ರೆ ತಪ್ಪು ನಿಮ್ಮದೇ ಅನ್ನೋ ಹಾಗಾಯ್ತು. ಇಲ್ಲೂ ಹಾಗೇ ಆಗುತ್ತೇನೋ ಅಂತ ಅನ್ನಿಸಿದ್ರೆ ಅದರಲ್ಲಿ ಆಶ್ಚರ್ಯ ಇಲ್ಲ.”

ಇಲ್ಲಿ ಸರೋಜಮ್ಮ ಸ್ವಲ್ಪ ಹೊತ್ತು ಸುಮ್ಮನಿರಬೇಕು ಎಂದು ಹಾಳೆಯಲ್ಲಿ ಬರೆದಿರುತ್ತದೆ. ಸಮಾಲೋಚಕರೂ ಆ ಮೌನವನ್ನು ತುಂಬಲು ಹೋಗಬಾರದು. ಹೊಸಬರಿಗೆ ಐದು ಸೆಕೆಂಡೇ ಯುಗವೆನಿಸುತ್ತದೆ. ಕಾದರೆ ಮುಂದಿನ ಮಾತು ಬರುತ್ತದೆ: “ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತೆ ಮೇಡಂ. ಆಮೇಲೆ ಗೋಡೆ ನೋಡ್ಕೊಂಡು ಕೂರ್ತೀನಿ.”

ಗಮನಿಸಿ, ಸಮಾಲೋಚಕರು ‘ಏನೂ ಆಗಲ್ಲ’ ಎಂಬ ಮಾತನ್ನು ಒಪ್ಪಿಯೂ ಇಲ್ಲ, ಅಲ್ಲಗಳೆದೂ ಇಲ್ಲ. ಅದರ ಹಿಂದಿನ ಅನುಭವಕ್ಕೆ ದನಿ ಕೊಟ್ಟರು. ಇದೇ ಜಾಗದಲ್ಲಿ ಇನ್ನೊಂದು ಬಗೆಯ ತಪ್ಪೂ ಆಗುತ್ತದೆ. ‘ನಿಮ್ಮ ನೋವು ನನಗೆ ಅರ್ಥವಾಗುತ್ತೆ’ ಎಂಬ ಸಿದ್ಧವಾಕ್ಯವನ್ನೇ ಎರಡು ನಿಮಿಷಕ್ಕೊಮ್ಮೆ ಹೇಳುವವರಿದ್ದಾರೆ. ಎದುರಿನವರು ಈಗಷ್ಟೇ ಹೇಳಿದ ಒಂದು ವಿವರವಾದರೂ ನಮ್ಮ ಮಾತಿನಲ್ಲಿ ಇಲ್ಲದಿದ್ದರೆ ನಾವು ಕೇಳಿಸಿಕೊಂಡಿದ್ದೇವೆಂದು ಅವರು ನಂಬುವುದಿಲ್ಲ. ನೋಡುತ್ತ ಕೂತವರು ಬರೆದುಕೊಳ್ಳಬೇಕಾದ ಮುಖ್ಯ ಸಂಗತಿ ಇದೇ.

ಈಗ ಸ್ಕ್ರಿಪ್ಟಿನ ಅತಿ ಕಷ್ಟದ ಜಾಗ. ಹತಾಶೆಯನ್ನು ಅಳೆಯಲೆಂದೇ ಅಮೆರಿಕದ ಮನೋವೈದ್ಯ ಆರನ್ ಬೆಕ್ ಮತ್ತು ಸಂಗಡಿಗರು 1974ರಲ್ಲಿ 20 ಹೇಳಿಕೆಗಳ ಒಂದು ಮಾಪಕ ರೂಪಿಸಿದರು. ಆತ್ಮಹತ್ಯೆಯ ಯೋಚನೆಯಿಂದ ಆಸ್ಪತ್ರೆ ಸೇರಿದ್ದವರನ್ನು ವರ್ಷಗಟ್ಟಲೆ ಗಮನಿಸಿ 1985ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೆ ಜೀವ ಕಳೆದುಕೊಂಡವರ ವಿಷಯದಲ್ಲಿ ಹೆಚ್ಚು ಸುಳಿವು ಕೊಟ್ಟಿದ್ದು ಖಿನ್ನತೆಯ ತೀವ್ರತೆಗಿಂತ ಹತಾಶೆ. ಹಾಗಾಗಿ ‘ಇನ್ನೇನೂ ಆಗಲ್ಲ’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಸಾವಿನ ಯೋಚನೆಯ ಬಗ್ಗೆ ಕೇಳದೆ ಭೇಟಿ ಮುಗಿಸುವಂತಿಲ್ಲ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಬಹಳ ಜನರಿಗಿದೆ. ಸಂಶೋಧನೆಗಳು ಆ ಭಯವನ್ನು ಸಮರ್ಥಿಸಿಲ್ಲ.

ತರಬೇತಿಯಲ್ಲಿ ಹೊಸಬರು ಈ ಪ್ರಶ್ನೆಯನ್ನು ಸುತ್ತಿ ಬಳಸಿ, ‘ಅಂಥದ್ದೇನೂ ಇಲ್ಲ ತಾನೇ?’ ಎಂದು ಕೇಳುತ್ತಾರೆ. ಅದಕ್ಕೆ ‘ಇಲ್ಲ’ ಎಂಬ ಉತ್ತರ ಬಿಟ್ಟು ಬೇರೆ ಜಾಗವೇ ಇಲ್ಲ. ಕೇಳಬೇಕಾದದ್ದು ನೇರವಾಗಿ:

“ಇಷ್ಟೆಲ್ಲ ಆದಾಗ, ಬದುಕೋದೇ ಬೇಡ, ಜೀವ ತಕ್ಕೊಳ್ಳೋಣ ಅಂತ ಕೆಲವರಿಗೆ ಅನ್ಸುತ್ತೆ. ನಿಮಗೆ ಹಾಗೆ ಅನ್ಸಿದ್ಯಾ ಸರೋಜಮ್ಮ?”

“ಮಲಗಿದ್ದವಳು ಏಳದಿದ್ರೆ ಸಾಕು ಅನ್ಸುತ್ತೆ.”

“ಹೇಳಿದ್ದು ಒಳ್ಳೇದಾಯ್ತು. ಅದಕ್ಕಾಗಿ ಏನಾದ್ರೂ ಮಾಡ್ಕೊಳ್ಳೋಣ ಅಂತ ಯೋಚನೆ ಬಂದಿದ್ಯಾ?”

“ಮಾಡ್ಕೊಂಡಿಲ್ಲ. ಆದ್ರೆ ಆ ಮಾತ್ರೆ ಡಬ್ಬೀಲೇ ಇದೆ. ಕಣ್ಣಿಗೆ ಬೀಳುತ್ತೆ.”

ಉತ್ತರ ಕೇಳಿ ಸಮಾಲೋಚಕರ ಪಾತ್ರದವರು ಗಾಬರಿಯಾಗಬಾರದು, ಉಪದೇಶಕ್ಕೂ ಇಳಿಯಬಾರದು. ಇಲ್ಲಿಂದ ಮುಂದೆ ಅವರ ಕೈಯಲ್ಲಿ ನಿರ್ದಿಷ್ಟ ಕೆಲಸಗಳಿವೆ. ಆ ಮಾತ್ರೆಗಳನ್ನು ಇವತ್ತೇ ತಂಗಿಯ ಕೈಗೆ ಕೊಡುವ ಬಗ್ಗೆ ಮಾತಾಡಬೇಕು, ತಂಗಿಗೆ ಎಷ್ಟು ತಿಳಿಸಬಹುದೆಂದು ಸರೋಜಮ್ಮನನ್ನೇ ಕೇಳಬೇಕು. ರಾತ್ರಿ ಎರಡು ಗಂಟೆಗೆ ಮನಸ್ಸು ಕೆಟ್ಟರೆ ಮೊದಲು ಏನು ಮಾಡುವುದು, ಯಾರಿಗೆ ಫೋನ್ ಮಾಡುವುದು ಎಂದು ಅವರ ಮಾತಿನಲ್ಲೇ ಒಂದು ಚೀಟಿ ಬರೆಸಬೇಕು. ಮನೋವೈದ್ಯರ ಭೇಟಿಗೆ ದಿನ ಗೊತ್ತುಮಾಡಬೇಕು. ‘ಇವತ್ತು ರಾತ್ರಿಯೇ’ ಎಂಬಂಥ ಉದ್ದೇಶ ಬಾಯಿಬಿಟ್ಟರೆ ಒಂಟಿಯಾಗಿ ಕಳಿಸುವಂತಿಲ್ಲ. ಅಂದೇ ಆಸ್ಪತ್ರೆಗೆ ತಲುಪಿಸಬೇಕು. ಇಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ, ಜೀವಕ್ಕೆ ಅಪಾಯವಿದ್ದರೆ ಮಾತ್ರ ಅದಕ್ಕೆ ಹೊರತು ಎಂದು ಭೇಟಿಯ ಆರಂಭದಲ್ಲೇ ತಿಳಿಸಿರಬೇಕು. ಆಗ ಈ ಹೆಜ್ಜೆ ಮೋಸವೆನಿಸುವುದಿಲ್ಲ.

ಇಷ್ಟಾದ ಮೇಲೆ ಮಾತ್ರೆಯ ವಿಷಯಕ್ಕೆ ಮರಳಲು ಹೊತ್ತು ಬಂದಿರುತ್ತದೆ. ಖಿನ್ನತೆಯ ಮಾತ್ರೆಗಳು ಪೂರ್ಣ ಕೆಲಸ ಮಾಡಲು ಸಾಮಾನ್ಯವಾಗಿ ಕೆಲವು ವಾರ ಬೇಕು. ತೂಕಡಿಕೆ, ಹೊಟ್ಟೆ ತೊಳಸುವಂಥ ತೊಂದರೆಗಳು ಮಾತ್ರ ಮೊದಲ ದಿನಗಳಲ್ಲೇ ಕಾಣಿಸಿಕೊಳ್ಳುತ್ತವೆ. ಹತ್ತು ದಿನಕ್ಕೆ ಬಿಟ್ಟ ಸರೋಜಮ್ಮ ಕಷ್ಟವನ್ನಷ್ಟೇ ಉಂಡು ಫಲ ಬರುವ ಮೊದಲೇ ನಿಲ್ಲಿಸಿದ್ದರು. ‘ಏನೂ ಆಗಲಿಲ್ಲ’ ಎಂಬ ಅವರ ಅನುಭವ ನಿಜ. ಅದು ಪೂರ್ತಿ ಪ್ರಯತ್ನವಾಗಿರಲಿಲ್ಲ ಎಂಬುದೂ ನಿಜ. ಮೊದಲ ನಿಮಿಷದಲ್ಲೇ ಇದನ್ನು ಹೇಳಿದ್ದರೆ ಆರೋಪದಂತೆ ಕೇಳುತ್ತಿತ್ತು. ಈಗ ಅನುಮತಿ ಕೇಳಿ ಹೇಳಬಹುದು: “ಮಾತ್ರೆ ಬಗ್ಗೆ ನನಗೆ ಗೊತ್ತಿರೋದು ಒಂದು ಹೇಳ್ಲಾ?” ಔಷಧ ಬದಲಿಸುವುದು, ಪ್ರಮಾಣ ತೀರ್ಮಾನಿಸುವುದು ಡಾಕ್ಟರ ಕೆಲಸ, ಸಮಾಲೋಚಕರು ಅದಕ್ಕೆ ಕೈಹಾಕಬಾರದು.

ಸ್ಕ್ರಿಪ್ಟ್ ಬರೆಯುವವರು ಎಡವುವುದು ಕೊನೆಯಲ್ಲಿ. ಇಪ್ಪತ್ತು ನಿಮಿಷದಲ್ಲಿ ಸರೋಜಮ್ಮ ನಗುತ್ತ ‘ಈಗ ಧೈರ್ಯ ಬಂತು ಮೇಡಂ’ ಅನ್ನುವ ಹಾಗೆ ಬರೆದರೆ ಕಲಿಯುವವರಿಗೆ ಸುಳ್ಳು ಹೇಳಿದಂತೆ. ಅವರು ನಿಜವಾದ ಭೇಟಿಯಲ್ಲೂ ಅದನ್ನೇ ಕಾಯುತ್ತಾರೆ, ಸಿಗದಾಗ ಮತ್ತೆ ಸಲಹೆಗೆ ಇಳಿಯುತ್ತಾರೆ. ಒಳ್ಳೆಯ ಸ್ಕ್ರಿಪ್ಟಿನಲ್ಲಿ ಸರೋಜಮ್ಮ ಹೋಗುವಾಗಲೂ “ನನಗೇನೂ ನಂಬಿಕೆ ಇಲ್ಲ” ಎಂದೇ ಹೇಳುತ್ತಾರೆ. ಜೊತೆಗೆ, “ಗುರುವಾರ ಎಷ್ಟೊತ್ತಿಗೆ ಬರ್ಲಿ?” ಎಂದೂ ಕೇಳುತ್ತಾರೆ. ಮೊದಲ ಭೇಟಿಯ ಯಶಸ್ಸು ಅಷ್ಟೇ.

ಅಭ್ಯಾಸ ಮುಗಿದ ಮೇಲೆ ಸರೋಜಮ್ಮನಾಗಿದ್ದವರು ಕುರ್ಚಿ ಬದಲಿಸಿ ತಮ್ಮ ನಿಜವಾದ ಹೆಸರು ಹೇಳಿ ಪಾತ್ರದಿಂದ ಹೊರಬರಬೇಕು. ಅಷ್ಟು ಹೊತ್ತು ಹತಾಶೆಯನ್ನು ಆಡಿದರೆ ಅದು ಮೈಗೆ ಅಂಟುತ್ತದೆ. ತಮ್ಮದೇ ಹಳೆಯ ನೋವು ಕಲಕಿದವರೂ ಇರುತ್ತಾರೆ. ಆಮೇಲೆ ಮೊದಲು ಮಾತಾಡಬೇಕಾದವರು ಅವರೇ: ಯಾವ ಮಾತಿಗೆ ಮನಸ್ಸು ಸ್ವಲ್ಪ ತೆರೆಯಿತು, ಯಾವ ಮಾತಿಗೆ ಮುಚ್ಚಿಕೊಂಡಿತು? ಸಮಾಲೋಚಕರಿಗೆ ಇದಕ್ಕಿಂತ ನೇರವಾದ ಪಾಠ ಬೇರೆಲ್ಲೂ ಸಿಗುವುದಿಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ‘ಇನ್ನೇನೂ ಆಗಲ್ಲ’ ಎಂದರೆ ಉತ್ತರ ಹುಡುಕುವ ಮೊದಲು ಅವರು ಇಲ್ಲಿಯವರೆಗೆ ಏನೇನು ಮಾಡಿ ನೋಡಿದ್ದಾರೆಂದು ಕೇಳಿ, ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ವಿಚಾರಿಸಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.