ಕುಂಡದಂಚಿನ ಬಿಳಿ ಗೆರೆ

ಜನವರಿ 18, ಯಲಹಂಕದಾಚೆಯ ನಮ್ಮ ಮನೆ

ಅಡುಗೆಮನೆಯ ಆರ್‌ಓ ಯಂತ್ರದಿಂದ ಸಿಂಕಿಗೆ ಇಳಿಯುವ ಸಣ್ಣ ಕೊಳವೆಯನ್ನು ಇವತ್ತು ಎತ್ತಿ ಬಕೆಟ್ಟಿಗೆ ಬಿಟ್ಟೆ. ಕುಡಿಯುವ ನೀರು 1 ಲೀಟರ್ ತುಂಬುವಷ್ಟರಲ್ಲಿ ಬಕೆಟ್ಟಿನಲ್ಲಿ 3 ಲೀಟರ್ ನಿಂತಿತ್ತು. ಪೆನ್ನಿನಂಥ ಟಿಡಿಎಸ್ ಮೀಟರನ್ನು ಮೂರು ಕಡೆ ಅದ್ದಿ ನೋಡಿದೆ. ಬೋರ್‌ವೆಲ್ ನೀರು 620, ಕುಡಿಯುವ ನೀರು 60, ಬಕೆಟ್ಟಿನದು 805. ಒಂದು ಲೀಟರಿನಲ್ಲಿ ಕರಗಿರುವ ಲವಣ ಸುಮಾರು ಎಷ್ಟು ಮಿಲಿಗ್ರಾಂ ಎಂಬ ಲೆಕ್ಕ ಇದು.

"ಕೊಳೆಯೆಲ್ಲ ಸೇರಿರೋ ನೀರು ಕಣೋ, ಗಿಡಕ್ಕೆ ಹಾಕಬೇಡ" ಎಂದರು ಅಮ್ಮ. ಕಾಗದದ ಮೇಲೆ ಕೂಡಿ ಕಳೆದು ನೋಡಿದೆ. 4 ಲೀಟರ್ ಬೋರ್‌ವೆಲ್ ನೀರಿನೊಂದಿಗೆ ಯಂತ್ರದೊಳಕ್ಕೆ ಹೋದ ಲವಣ 2480 ಮಿಲಿಗ್ರಾಂ. ಅದರಲ್ಲಿ 60 ಕುಡಿಯುವ ನೀರಿನ ಜೊತೆ ಹೋಯಿತು. ಉಳಿದ 2420ನ್ನು 3 ಲೀಟರಿಗೆ ಹಂಚಿದರೆ 807. ಮೀಟರ್ ತೋರಿಸಿದ್ದೂ ಹೆಚ್ಚುಕಡಿಮೆ ಅಷ್ಟೇ. ಮೆಂಬ್ರೇನ್ ಏನನ್ನೂ ಹೊಸದಾಗಿ ಸೇರಿಸುವುದಿಲ್ಲ. ಬಕೆಟ್ಟಿನಲ್ಲಿರುವುದು ನಮ್ಮದೇ ಬೋರ್‌ವೆಲ್ ನೀರು, ಹೆಚ್ಚುಕಡಿಮೆ ಮೂರನೇ ಒಂದು ಪಾಲಿನಷ್ಟು ಹೆಚ್ಚು ಗಟ್ಟಿಯಾಗಿದೆ, ಅಷ್ಟೆ. ನೀರು ಉಳಿಸುವ ಯಂತ್ರವೆಂದು ಕೊಂಡವರ ಮನೆಯಲ್ಲಿ ಲೀಟರಿಗೆ ಲೀಟರ್ ಮಾತ್ರ ಹೊರಹೋಗುತ್ತಿದ್ದರೆ, ಇದೇ ಬೋರ್‌ವೆಲ್ಲಿನಿಂದ ಬರುವ ಬಿಟ್ಟ ನೀರು 1180ಕ್ಕೆ ಏರುತ್ತಿತ್ತು. ಕಡಿಮೆ ಬಂದಷ್ಟೂ ಗಟ್ಟಿ.

ಕೊಳವೆಯ ತುದಿ ಬಕೆಟ್ಟಿನಲ್ಲಿ ತೆರೆದೇ ಇರಬೇಕು. ಅದು ಮಡಚಿಕೊಂಡರೆ ಲವಣ ಹೊರಬರಲಾರದೆ ಮೆಂಬ್ರೇನಿನ ಮೇಲೇ ಸುಣ್ಣವಾಗಿ ಕೂರುತ್ತದೆ.

ಜನವರಿ 26

ಮೂರು ಸ್ಟೀಲ್ ತಟ್ಟೆಗಳಲ್ಲಿ ಮೂರು ಬಗೆಯ ನೀರು ಹಾಕಿ ತಾರಸಿಯ ಬಿಸಿಲಿಗಿಟ್ಟಿದ್ದೆ. ಕುಡಿಯುವ ನೀರಿನ ತಟ್ಟೆ ಆರಿದ ಮೇಲೂ ಹೊಳೆಯುತ್ತಿತ್ತು. ಬೋರ್‌ವೆಲ್ಲಿನದರಲ್ಲಿ ಬಳೆಯಂಥ ಬಿಳಿ ಗೆರೆ. ಬಿಟ್ಟ ನೀರಿನದರಲ್ಲಿ ಅದೇ ಬಳೆ, ಇನ್ನಷ್ಟು ದಪ್ಪ. ಅದರ ಮೇಲೆ ಎರಡು ಹನಿ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆಯೆದ್ದಿತು. ನೊರೆ ಬಂದದ್ದು ಸುಣ್ಣ. ನೊರೆಯಾಗದೆ ಸುಮ್ಮನೆ ಕರಗಿಹೋದ ಚೂರುಪಾರು ಬೇರೆ ಉಪ್ಪುಗಳು. ಕುಂಡದಲ್ಲಿ ಮುಂದೆ ಏನಾಗಬಹುದೆಂಬುದನ್ನು ಈ ತಟ್ಟೆ ಒಂದೇ ದಿನದಲ್ಲಿ ತೋರಿಸಿತು.

ಫೆಬ್ರವರಿ 9

ನಾಲ್ಕು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 12 ಲೀಟರ್ ಹಿಡಿಯುತ್ತದೆ. ಅಂದರೆ ಬಿಟ್ಟ ನೀರು 36 ಲೀಟರ್. ತಾರಸಿಯ ಕುಂಡಗಳು ಕುಡಿಯುವುದು 12. ಮಿಕ್ಕ 24 ಲೀಟರ್ ಬಚ್ಚಲು ತೊಳೆಯಲು, ಕಕ್ಕಸಿಗೆ ಸುರಿಯಲು, ನೆಲ ಒರೆಸಲು, ಎಂಜಲು ಪಾತ್ರೆಯ ಮೊದಲ ಸುತ್ತಿಗೆ. ಸಾಬೂನು ಬೇಕಾದ ಕಡೆ ಇದು ಸೋಲುತ್ತದೆ. ಗಡಸು ಹೆಚ್ಚಾದ್ದರಿಂದ ಬಟ್ಟೆ ಸೋಪು ನೊರೆ ಕೊಡದೆ ಗಸಿಯಾಗುತ್ತದೆ. ಕೊನೆಯ ಸುತ್ತು ಇದರಲ್ಲೇ ತೊಳೆದ ಸ್ಟೀಲ್ ಲೋಟಗಳ ಮೇಲೆ ಹನಿ ಹನಿಯಾಗಿ ಬಿಳಿ ಕಲೆ ಉಳಿಯಿತು.

ಮೊಸಾಯಿಕ್ ನೆಲದಲ್ಲಿ ಏನೂ ಕಾಣಲಿಲ್ಲ. ಅಡುಗೆ ಕಟ್ಟೆಯ ಕರಿ ಕಡಪ ಕಲ್ಲಿನ ಮೇಲೆ ನಾಲ್ಕೇ ದಿನಕ್ಕೆ ಬೂದಿ ಮುಸುಕು. ಲೋಟಕ್ಕಾದಂತೆ ಇದಕ್ಕೂ ನಿಂಬೆ ಸಿಪ್ಪೆಯೇ ಮದ್ದೆಂದು ಉಜ್ಜಿದೆ. ಮುಸುಕೇನೋ ಹೋಯಿತು, ಆ ಜಾಗದ ಹೊಳಪೂ ಹೋಯಿತು. ಕಡಪ ಕಲ್ಲೇ ಸುಣ್ಣದ ಕಲ್ಲು. ಹುಳಿಗೆ ಮೇಲಿನ ಸುಣ್ಣ ಯಾವುದು, ಅಡಿಯ ಕಲ್ಲು ಯಾವುದು ಎಂಬ ಭೇದವಿಲ್ಲ. ಈಗ ಕಟ್ಟೆಗೆ ಈ ನೀರು ಮುಟ್ಟಿದರೆ ಕೂಡಲೇ ಒಣಬಟ್ಟೆ.

ಫೆಬ್ರವರಿ 20

ಎರಡು ದಿನ ಊರಿಗೆ ಹೋಗಿದ್ದು ಬರುವಷ್ಟರಲ್ಲಿ, ಹಿತ್ತಲಲ್ಲಿ ಬಿಟ್ಟ ನೀರಿಗೆಂದು ಬಾಯಿ ತೆರೆದಿಟ್ಟಿದ್ದ ಹಳೆಯ ಡ್ರಮ್ಮಿನ ಗೋಡೆ ಜಾರುತ್ತಿತ್ತು. ತಳದಲ್ಲಿ ಸೊಳ್ಳೆಮರಿಗಳು ಬಾಗಿ ಬಾಗಿ ಈಜುತ್ತಿದ್ದವು, ಅವು ಹಿಂದಿನ ವಾರದಿಂದ ಖಾಲಿ ಮಾಡದೆ ಉಳಿದ ನೀರಿನವು. ಬೋರ್‌ವೆಲ್ ನೀರಿನಲ್ಲಿ ಪಾಚಿಯನ್ನು ತಡೆಯಲು ಕ್ಲೋರಿನ್ ಇರುವುದಿಲ್ಲ, ಇದ್ದರೂ ಮೆಂಬ್ರೇನಿಗೆ ಮೊದಲಿನ ಇದ್ದಿಲಿನ ಸೋಸುಕ ಅದನ್ನು ತೆಗೆದುಬಿಡುತ್ತಿತ್ತು. ಡ್ರಮ್ಮಿಗೆ ಮುಚ್ಚಳ ಹಾಕಿದೆ. ಅಂದಿನದು ಅಂದೇ ಖಾಲಿ, ವಾರಕ್ಕೊಮ್ಮೆ ತಳ ಉಜ್ಜುವುದು.

ಮಾರ್ಚ್ 16

ಮಣ್ಣಿನ ಕುಂಡಗಳ ಹೊರಮೈ ಬೆಳ್ಳಗಾಗುತ್ತಿದೆ. ತಳದಿಂದ ನಾಲ್ಕು ಬೆರಳು ಮೇಲೆ, ಒದ್ದೆ ಮುಗಿದು ಒಣಗು ಆರಂಭವಾಗುವಲ್ಲಿ, ಒಂದು ಗೆರೆ. ನೀರು ಗೋಡೆಯ ಮೂಲಕ ಜಿನುಗಿ ಹೊರಗೆ ಆರಿಹೋಗುತ್ತದೆ, ಲವಣ ಅಲ್ಲೇ ಕೂರುತ್ತದೆ. ಪಕ್ಕದ ಪ್ಲಾಸ್ಟಿಕ್ ಕುಂಡಗಳ ಹೊರಮೈ ಚೊಕ್ಕಟ. ಒಳಗೆ ಬಗ್ಗಿ ನೋಡಿದರೆ ಮಣ್ಣಿನ ಮೇಲೆಯೇ ಹಪ್ಪಳದಂಥ ಬಿಳಿ ಪೊರೆ. ಮಣ್ಣಿನ ಕುಂಡ ತನ್ನ ಉಪ್ಪನ್ನು ಸ್ವಲ್ಪವಾದರೂ ಬೆವರಿ ಹೊರಹಾಕುತ್ತದೆ. ಪ್ಲಾಸ್ಟಿಕ್ಕಿಗೆ ಬೆವರಿಲ್ಲ.

ಏಪ್ರಿಲ್ 10

ಬೀನ್ಸ್ ಗಿಡ ಸೊರಗಿದೆ. ಕೆಳಗಿನ ಹಳೆಯ ಎಲೆಗಳ ಅಂಚು ಕಾವಲಿಯ ಮೇಲೆ ಸೀದ ದೋಸೆಯ ಹಾಗೆ ಕಂದಾಗಿ ಗರಿಗರಿಯಾಗಿದೆ. ಒಂದಡಿ ಆಚೆ, ಅದೇ ನೀರು ಕುಡಿದ ಬೀಟ್‌ರೂಟ್ ಎಲೆ ತಟ್ಟೆಯಗಲ ಹರಡಿದೆ. ಕಾಗದದ ಹೂವಿಗೂ ಕಣಗಿಲೆಗೂ ನೀರು ಬದಲಾದ ಸುದ್ದಿಯೇ ತಿಳಿದಂತಿಲ್ಲ. ಸೂರಕ್ಕಿಯೊಂದು ಕಾಗದದ ಹೂವಿನ ಕೊಂಬೆಯಲ್ಲಿ ಎಂದಿನಂತೆ ಕೂತೆದ್ದು ಹೋಯಿತು.

ಬೀನ್ಸಿನ ಕುಂಡದಲ್ಲಿ ಹಿಡಿಯುವ ಮಣ್ಣು 10 ಲೀಟರ್. ಜನವರಿ 20ರಿಂದ ದಿನಕ್ಕೊಂದು ಲೀಟರ್, 80 ದಿನ. ತಟ್ಟೆಗೆ ನೀರಿಳಿದು ಗಲೀಜಾಗಬಾರದೆಂದು ಅಳೆದು ಅಳೆದು ಹಾಕಿದ್ದೆ. ಲೀಟರಿಗೆ 0.8 ಗ್ರಾಂ ಎಂದರೆ ಒಳಗೆ ಹೋದದ್ದು 64 ಗ್ರಾಂ ಲವಣ, ಹತ್ತಿರ ಹತ್ತಿರ ಅರ್ಧ ಹಿಡಿ. ಬೇರು ನೀರನ್ನು ಕುಡಿಯುತ್ತದೆ, ಲವಣದಲ್ಲಿ ಬಹುಪಾಲನ್ನು ಹೊರಗೇ ನಿಲ್ಲಿಸುತ್ತದೆ. ಅಡುಗೆಮನೆಯ ಗೋಡೆಯ ಮೇಲಿರುವ ಯಂತ್ರ ಮಾಡುವುದೂ ಇದನ್ನೇ. ವ್ಯತ್ಯಾಸವೆಂದರೆ ಯಂತ್ರಕ್ಕೆ ಒಂದು ಬಿಡುಗೊಳವೆ ಇದೆ, ನಾನು ಕುಂಡಕ್ಕೆ ಅದನ್ನು ಕೊಟ್ಟಿರಲಿಲ್ಲ. ಜನವರಿಯಲ್ಲಿ ಕೊಳವೆ ಮಡಚಬಾರದೆಂದು ಬರೆದವನೇ ಕುಂಡದ ತೂತನ್ನು ಮೂರು ತಿಂಗಳು ಮುಚ್ಚಿಟ್ಟಂತೆ ಮಾಡಿದ್ದೆ.

ಇವತ್ತು ತಟ್ಟೆಗೆ ಇಳಿಯುವಷ್ಟು ನೀರು ಹಾಕಿ, ಇಳಿದದ್ದಕ್ಕೆ ಮೀಟರ್ ಅದ್ದಿದೆ. 3600. ಹಾಕಿದ್ದು 805. ಲವಣದಲ್ಲಿ ಒಂದಷ್ಟು ಸುಣ್ಣವಾಗಿ ಗಟ್ಟಿಗೊಂಡು ಮಣ್ಣಲ್ಲೇ ಉಳಿದಿರುತ್ತದೆ, ಅದು ಬೇರನ್ನು ಸುಡುವುದಿಲ್ಲ. ಸುಡುವುದು ಕರಗಿಕೊಂಡೇ ಇರುವ ಈ ಪಾಲು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಳತೆಯಲ್ಲಿ 450ರ ಒಳಗಿನ ನೀರನ್ನು ಯಾವ ಬೆಳೆಗಾದರೂ ಚಿಂತೆಯಿಲ್ಲದೆ ಹಾಯಿಸಬಹುದು. 450ರಿಂದ 2000ದವರೆಗೆ ಬೆಳೆ ನೋಡಿ, ಮಣ್ಣು ನೋಡಿ. 2000 ದಾಟಿದರೆ ಭಾರೀ ಎಚ್ಚರ. ನಮ್ಮದು ನಡುವಿನದು. ತರಕಾರಿಗಳಲ್ಲಿ ಬೀನ್ಸ್ ಬಹಳ ನಾಜೂಕು, ಬೀಟ್‌ರೂಟ್ ಗಟ್ಟಿಗ. ತುಂಗಭದ್ರಾ ಕಾಲುವೆಯ ಗದ್ದೆಗಳು ಸವಳಾದ ಕಥೆಯೂ ಇದೇ. ಹಾಯಿಸಿದ ನೀರಿಗೆ ಬಸಿದುಹೋಗಲು ದಾರಿ ಇಲ್ಲದ ಕಡೆ ಉಪ್ಪು ಮೇಲೇರಿ ನಿಂತಿತು.

ಏಪ್ರಿಲ್ 22

ಕೇಪಳದ ಕಾಯಿಲೆ ಬೇರೆ. ಇಲ್ಲಿ ಹಳೆಯ ಎಲೆಗಳು ಚೆನ್ನಾಗಿವೆ. ತುದಿಯ ಚಿಗುರೆಲೆಗಳು ಹಳದಿ, ನರಗಳು ಮಾತ್ರ ಹಸಿರು, ಬಲೆ ಹೆಣೆದ ಹಾಗೆ. ಉಪ್ಪಿನ ಉರಿ ಹಳೆಯ ಎಲೆಯ ಅಂಚಿನಲ್ಲಿ ಕಾಣುತ್ತದೆ, ಕಬ್ಬಿಣದ ಕೊರತೆ ಹೊಸ ಎಲೆಯ ನರಗಳ ನಡುವೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಸುಣ್ಣದ ನೀರು ಮಣ್ಣನ್ನು ಕ್ಷಾರದ ಕಡೆಗೆ ತಳ್ಳಿದೆ, ಅಲ್ಲಿ ಕಬ್ಬಿಣ ಬೇರಿಗೆ ದಕ್ಕುವಂತೆ ಕರಗುವುದಿಲ್ಲ. ಕೇಪಳ ಹುಳಿಮಣ್ಣಿನ ಗಿಡ. ಅದನ್ನು ಬಿಟ್ಟ ನೀರಿನ ಸಾಲಿನಿಂದ ಎತ್ತಿ ಬೇರೆ ಕಡೆ ಇಟ್ಟೆ. ಜರಿಗಿಡವನ್ನೂ ನಿಂಬೆಯನ್ನೂ, ಕಾಯಿಲೆ ಕಾಣುವ ಮೊದಲೇ, ಅದರ ಜೊತೆಗೆ.

ಮೇ 6

ನಿನ್ನೆ ರಾತ್ರಿ ಭರಣಿ ಮಳೆ ಸುರಿಯಿತು. ಮೋಡ ಕಟ್ಟಿದಾಗಲೇ ಕುಂಡಗಳ ಕೆಳಗಿನ ತಟ್ಟೆಗಳನ್ನೆಲ್ಲ ತೆಗೆದಿದ್ದೆ. ಇಳಿದ ಉಪ್ಪುನೀರು ತಟ್ಟೆಯಲ್ಲಿ ನಿಂತರೆ ಬೆಳಗಾಗುವಷ್ಟರಲ್ಲಿ ಮಣ್ಣು ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ಬೀನ್ಸಿನ ಕುಂಡದಡಿ ಮಾತ್ರ ಒಂದು ಲೋಟ ಹಿಡಿದೆ. ಮಳೆ ಶುರುವಾದ ಅರ್ಧ ಗಂಟೆಗೆ 3900, ಬೆಳಿಗ್ಗೆ 1700. ತಾರಸಿ ತೊಳೆದುಹೋದ ಮೇಲೆ ಪೈಪಿನ ಕೆಳಗಿಟ್ಟ ಡ್ರಮ್ಮಿನ ಮಳೆನೀರು 22.

ಮೇ 19

ಮೂರು ಮಳೆ ಆಯಿತು. ಲೋಟದಲ್ಲಿ 640. ಮಳೆಗೆ ಕಾಯಲಾಗದಿದ್ದರೆ 10 ಲೀಟರ್ ಮಣ್ಣಿನ ಕುಂಡಕ್ಕೆ 20 ಲೀಟರ್ ಒಳ್ಳೆಯ ನೀರನ್ನು ನಿಧಾನವಾಗಿ, ನಾಲ್ಕಾರು ಸಲ ಬಿಟ್ಟು ಬಿಟ್ಟು ಸುರಿದು ಇಳಿಸಬೇಕು. ಇಳಿಯುವಾಗ ಗೊಬ್ಬರದ ಸಾರವೂ ಹೋಗುತ್ತದೆ, ಆದ್ದರಿಂದ ಆಮೇಲೆ ಒಂದು ಹಿಡಿ ಕಾಂಪೋಸ್ಟ್. ಡ್ರಮ್ಮಿನಲ್ಲಿ ಮಳೆನೀರು ಇರುವಷ್ಟು ದಿನ ಬಿಟ್ಟ ನೀರಿಗೆ ಸಮಪಾಲು ಬೆರೆಸುತ್ತೇನೆ. ಆಗ 415ರ ಆಸುಪಾಸು. ಹೊಸದಾಗಿ ಬಿತ್ತಿದ ಬೀನ್ಸಿಗೂ ಅದು ನಡೆಯುತ್ತದೆ.

ಜೂನ್ 11

ಪಕ್ಕದ ಮನೆಯವರು ಕರೆದರು, "ಸಾರ್, ನಮ್ಮದೂ ಮೀಟರಲ್ಲಿ ಎಂಟುನೂರೇ ತೋರಿಸ್ತಾ ಇದೆ, ಆದ್ರೆ ಕುಂಡದಲ್ಲಿ ನೀರೇ ಇಳಿಯಲ್ಲ, ಬನ್ನಿ ನೋಡಿ." ನೋಡಿದೆ. ಮಣ್ಣಿನ ಮೇಲೆ ನೀರು ಕೆಸರುಗುಂಡಿಯಂತೆ ನಿಂತಿತ್ತು, ಒಣಗಿದ ಕುಂಡಗಳಲ್ಲಿ ಮಣ್ಣು ಇಟ್ಟಿಗೆಯಾಗಿತ್ತು. ಅವರ ಬೋರ್‌ವೆಲ್ಲಿಗೆ ನೀರು ಮೆದುಮಾಡುವ ಯಂತ್ರವಿದೆ, ಅದಕ್ಕೆ ಮೂಟೆಯಲ್ಲಿ ಉಪ್ಪು ಸುರಿಯುತ್ತಾರೆ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ. ಸೋಡಿಯಂ ಹೆಚ್ಚಾದರೆ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದುರಿ, ಮಣ್ಣಿನ ಸಂದುಗಳನ್ನು ಮುಚ್ಚಿಬಿಡುತ್ತವೆ. ಮೀಟರ್ ಎಷ್ಟು ಲವಣ ಎಂದಷ್ಟೇ ಹೇಳುತ್ತದೆ, ಯಾವ ಲವಣ ಎಂದು ಹೇಳುವುದಿಲ್ಲ. ಅವರ ಬಿಟ್ಟ ನೀರು ನೆಲ ಒರೆಸಲು ನಮ್ಮದಕ್ಕಿಂತ ವಾಸಿ, ಕಲೆ ಕೂರುವುದಿಲ್ಲ. ಗಿಡಕ್ಕೆ ಬೇಡವೆಂದೆ.

ಪಿಕಳಾರಗಳಿಗೆಂದು ತಾರಸಿಯಲ್ಲಿಟ್ಟ ಬೋಗುಣಿಗೆ ನಾನು ನಮ್ಮ ಬಿಟ್ಟ ನೀರನ್ನೂ ಹಾಕುವುದಿಲ್ಲ. ಬೋರ್‌ವೆಲ್ಲಿನಲ್ಲಿ ಫ್ಲೋರೈಡೋ ನೈಟ್ರೇಟೋ ಇದ್ದರೆ ಅದೂ ಇದರಲ್ಲಿ ಗಟ್ಟಿಯಾಗಿರುತ್ತದೆ. ಕುಡಿಯುವ ಬಾಯಿಗೆ ಈ ನೀರಲ್ಲ.

ಜುಲೈ 13

ಕೇಪಳದಲ್ಲಿ ಎರಡು ಜೊತೆ ಹೊಸ ಎಲೆ, ಪೂರ್ತಿ ಹಸಿರು. ಹಳದಿಯಾಗಿದ್ದವು ಹಾಗೇ ಉಳಿದಿವೆ. ಈಗ ನನ್ನ ನೀರುಣಿಸುವ ಕ್ರಮ ಒಂದೇ: ಹಾಕಿದ್ದರಲ್ಲಿ ಐದನೇ ಒಂದು ಪಾಲು ತೂತಿನಿಂದ ಇಳಿಯುವವರೆಗೆ ಹಾಕುವುದು, ಇಳಿದದ್ದನ್ನು ಚೆಲ್ಲುವುದು, ತಿಂಗಳಿಗೊಮ್ಮೆ ಅದಕ್ಕೆ ಮೀಟರ್ ಅದ್ದುವುದು. ತಟ್ಟೆಯ ನೀರು 2500 ದಾಟಿದರೆ ಆ ಕುಂಡಕ್ಕೆ ತೊಳೆತ.

ಮಣ್ಣಿನ ಕುಂಡಗಳ ಬಿಳಿ ಗೆರೆ ಮಳೆಗೆ ಮಸುಕಾಗಿದೆ, ಅಳಿದಿಲ್ಲ. ಉಜ್ಜಿ ತೆಗೆಯೋಣವೆಂದು ಬ್ರಷ್ ಹಿಡಿದವನು ಸುಮ್ಮನಾದೆ. ಪೆನ್ಸಿಲ್ ತಂದು ಪ್ರತಿ ಗೆರೆಯ ಮೇಲಂಚಿಗೂ ಒಂದು ಗುರುತು ಎಳೆದು, ಪಕ್ಕದಲ್ಲಿ ಇವತ್ತಿನ ತಾರೀಕು ಬರೆದೆ.