ಒತ್ತಿದ್ದು ಒಮ್ಮೆ, ಎಣಿಸಿದ್ದು ಇಪ್ಪತ್ತೈದು

ಅಡುಗೆ ಎಣ್ಣೆಯ ಪೌಚ್‌ಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುವ ಒಂದು ಸಣ್ಣ ಯಂತ್ರ ಇದೆ ಅಂದುಕೊಳ್ಳಿ. ಒಂದು ಪೆಟ್ಟಿಗೆಗೆ ಎಷ್ಟು ಪೌಚ್ ಬೀಳಬೇಕು ಎಂಬ ಸಂಖ್ಯೆ ಪ್ಯಾನೆಲ್ ಮೇಲೆ ಕಾಣುತ್ತದೆ. ಪಕ್ಕದಲ್ಲೇ ಏರಿಸಲು ಒಂದು ಪ್ಲಸ್ ಬಟನ್, ಇಳಿಸಲು ಒಂದು ಮೈನಸ್ ಬಟನ್. ಈಗ 15 ಇದೆ, ಆಪರೇಟರ್‌ಗೆ 16 ಬೇಕು. ಪ್ಲಸ್ ಒತ್ತಿ ಬಿಡುತ್ತಾರೆ. ಸಂಖ್ಯೆ 40 ಆಗುತ್ತದೆ. ಮೈನಸ್ ಒತ್ತಿದರೆ 12ಕ್ಕೆ ಇಳಿಯುತ್ತದೆ. ಬೆರಳು ತಾಗಿಸಿದಂತೆ ಮಾಡಿ ಥಟ್ಟನೆ ಎತ್ತಿದರೆ 21. ಎಷ್ಟು ಒದ್ದಾಡಿದರೂ 16 ಮಾತ್ರ ಸಿಗುವುದಿಲ್ಲ.

ಬಟನ್ ಕೆಟ್ಟಿದೆ ಎಂದು ಎಲೆಕ್ಟ್ರಿಷಿಯನ್ ಹೊಸದು ಹಾಕುತ್ತಾರೆ. ಹೊಸ ಬಟನ್ನೂ ಅದೇ ಆಟ ಆಡುತ್ತದೆ. ಏಕೆಂದರೆ ಇಲ್ಲಿ ಬಟನ್ ಸರಿಯಾಗಿಯೇ ಇದೆ, ವೈರಿಂಗೂ ಸರಿ ಇದೆ. ತಪ್ಪಿರುವುದು ಯಂತ್ರವನ್ನು ನಡೆಸುವ ಪಿಎಲ್‌ಸಿ ಎಂಬ ಪುಟ್ಟ ಕಂಪ್ಯೂಟರಿನೊಳಗಿನ ಪ್ರೋಗ್ರಾಮಿನಲ್ಲಿ, ಅದೂ ಒಂದೇ ಒಂದು ಕಡೆ.

ಪಿಎಲ್‌ಸಿ ಕೆಲಸ ಮಾಡುವ ರೀತಿ ಗೊತ್ತಾದರೆ ಈ 40 ಎಲ್ಲಿಂದ ಬಂತು ಎಂಬುದು ತಿಳಿಯುತ್ತದೆ. ಅದು ಯಾರಾದರೂ ಬಟನ್ ಒತ್ತಲಿ ಎಂದು ಕಾಯುತ್ತ ಕೂರುವುದಿಲ್ಲ. ಮೊದಲು ಎಲ್ಲ ಬಟನ್ ಮತ್ತು ಸೆನ್ಸರುಗಳ ಸ್ಥಿತಿಯನ್ನು ಒಮ್ಮೆ ಓದಿ ತನ್ನ ಮೆಮೊರಿಯಲ್ಲಿ ಬರೆದುಕೊಳ್ಳುತ್ತದೆ. ಆಮೇಲೆ ಪ್ರೋಗ್ರಾಮನ್ನು ಮೇಲಿಂದ ಕೆಳಗಿನವರೆಗೆ ಓಡಿಸುತ್ತದೆ. ಕೊನೆಗೆ ಮೋಟರು, ವಾಲ್ವು, ದೀಪಗಳಿಗೆ ಆಜ್ಞೆ ಕಳಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಈ ಒಂದು ಸುತ್ತಿಗೆ ಸ್ಕ್ಯಾನ್ ಎನ್ನುತ್ತಾರೆ. ನಮ್ಮ ಯಂತ್ರದಲ್ಲಿ ಒಂದು ಸ್ಕ್ಯಾನಿಗೆ 8 ಮಿಲಿಸೆಕೆಂಡ್ ಹಿಡಿಯುತ್ತದೆ ಎನ್ನೋಣ. ಮನುಷ್ಯ ಬಟನ್ ಒತ್ತಿ ಬಿಡಲು ಸುಮಾರು 200 ಮಿಲಿಸೆಕೆಂಡ್ ಬೇಕು. ಆಪರೇಟರ್ ಪಾಲಿಗೆ ಅದು ಒಂದು ಒತ್ತು. ಆದರೆ ಅಷ್ಟರೊಳಗೆ ಪಿಎಲ್‌ಸಿ 25 ಸುತ್ತು ಮುಗಿಸಿರುತ್ತದೆ, ಇಪ್ಪತ್ತೈದು ಸಲವೂ ಬಟನ್ ಒತ್ತಿಕೊಂಡೇ ಇರುವುದನ್ನು ನೋಡಿರುತ್ತದೆ.

ಈಗ ಆ ಯಂತ್ರದ ಪ್ರೋಗ್ರಾಮಿನ ತುಣುಕು ನೋಡಿ. ನಮ್ಮ ಕಡೆಯ ಸಣ್ಣ ಯಂತ್ರಗಳಲ್ಲಿ ಮಿತ್ಸುಬಿಷಿ, ಡೆಲ್ಟಾ ಪಿಎಲ್‌ಸಿಗಳೇ ಹೆಚ್ಚಾಗಿ ಕಣ್ಣಿಗೆ ಬೀಳುವುದರಿಂದ ಅವುಗಳ ಭಾಷೆಯಲ್ಲೇ ಕೊಡುತ್ತಿದ್ದೇನೆ. `X0` ಎಂದರೆ ಪ್ಲಸ್ ಬಟನ್, `D100` ಎಂದರೆ ಸಂಖ್ಯೆ ಕೂತಿರುವ ಜಾಗ, `INC` ಎಂದರೆ ಅದಕ್ಕೆ ಒಂದು ಸೇರಿಸು.

```
LD  X0
INC D100
```

ಬರೆದವರ ಮನಸ್ಸಿನಲ್ಲಿದ್ದದ್ದು ‘ಬಟನ್ ಒತ್ತಿದಾಗ ಒಂದು ಸೇರಿಸು’ ಎಂಬುದು. ಪಿಎಲ್‌ಸಿ ಓದಿಕೊಂಡದ್ದು ‘ಬಟನ್ ಒತ್ತಿರುವಷ್ಟೂ ಹೊತ್ತು, ಪ್ರತಿ ಸುತ್ತಿನಲ್ಲೂ ಒಂದೊಂದು ಸೇರಿಸು’ ಎಂದು. ಹದಿನೈದಕ್ಕೆ ಇಪ್ಪತ್ತೈದು ಸೇರಿ 40 ಆಯಿತು. ಮೈನಸ್ ಬಟನ್ನನ್ನು ತುಸು ಹೆಚ್ಚು ಹೊತ್ತು ಒತ್ತಿದ್ದರಿಂದ 28 ಇಳಿಯಿತು. ಬೆರಳು ತಾಗಿಸಿದ್ದು ಕೇವಲ 72 ಮಿಲಿಸೆಕೆಂಡ್, ಅಷ್ಟರಲ್ಲೇ 9 ಏರಿತು.

ಹಾಗಾದರೆ ಪಿಎಲ್‌ಸಿ ಗಮನಿಸಬೇಕಾದದ್ದು ಬಟನ್ ಒತ್ತಿದೆಯೇ ಇಲ್ಲವೇ ಎಂಬುದನ್ನಲ್ಲ, ಬಿಟ್ಟಿದ್ದ ಬಟನ್ ಒತ್ತಿದ ಸ್ಥಿತಿಗೆ ತಿರುಗಿದ ಆ ಗಳಿಗೆಯನ್ನು. ಹಳೇ ಮನೆಗಳ ಡಿಂಗ್-ಡಾಂಗ್ ಬೆಲ್ ಮಾಡುವುದು ಇದನ್ನೇ. ಒತ್ತಿದಾಗ ಒಂದು ಡಿಂಗ್, ಬಿಟ್ಟಾಗ ಒಂದು ಡಾಂಗ್. ನಡುವೆ ಅರ್ಧ ನಿಮಿಷ ಬೆರಳಿಟ್ಟುಕೊಂಡು ನಿಂತರೂ ಇನ್ನೊಂದು ಸದ್ದು ಬರುವುದಿಲ್ಲ. ಆ ಡಿಂಗ್ ಅನ್ನು ಪ್ರೋಗ್ರಾಮ್ ಬರೆಯುವವರು ರೈಸಿಂಗ್ ಎಡ್ಜ್ ಎನ್ನುತ್ತಾರೆ, ಡಾಂಗ್ ಅನ್ನು ಫಾಲಿಂಗ್ ಎಡ್ಜ್. ಅದನ್ನು ಹಿಡಿದು ಒಂದೇ ಒಂದು ಸ್ಕ್ಯಾನ್ ಮಟ್ಟಿಗೆ ಸಂಕೇತ ಕೊಡುವ ಆಜ್ಞೆಗೆ ಒನ್ ಶಾಟ್ ಎಂದು ಹೆಸರು.

ಇದರ ಒಳಗುಟ್ಟು ಎರಡೇ ಸಾಲು.

```
Pulse := Button AND NOT Old;
Old   := Button;
```

ಕಳೆದ ಸುತ್ತಿನಲ್ಲಿ ಬಟನ್ ಹೇಗಿತ್ತು ಎಂಬುದು `Old` ಎಂಬ ನೆನಪಿನಲ್ಲಿರುತ್ತದೆ. ಬಟನ್ ಒತ್ತಿದ ಮೊದಲ ಸುತ್ತಿನಲ್ಲಿ `Button` 1, `Old` ಇನ್ನೂ 0. ಹಾಗಾಗಿ `Pulse` 1 ಆಗುತ್ತದೆ. ಎರಡನೇ ಸಾಲು ಕೂಡಲೇ `Old` ಅನ್ನು 1 ಮಾಡಿಬಿಡುತ್ತದೆ. ಮುಂದಿನ ಸುತ್ತಿನಲ್ಲಿ ಬಟನ್ ಒತ್ತಿಕೊಂಡೇ ಇದ್ದರೂ ‘ಹಿಂದೆಯೂ ಒತ್ತಿತ್ತು’ ಎಂದು ಗೊತ್ತಿರುವುದರಿಂದ `Pulse` 0. ಉಳಿದ ಇಪ್ಪತ್ತಮೂರು ಸುತ್ತುಗಳ ಕತೆಯೂ ಅಷ್ಟೇ. ಬೆರಳು ತೆಗೆದಾಗ `Old` ಮತ್ತೆ 0 ಆಗಿ ಮುಂದಿನ ಒತ್ತಿಗೆ ಸಿದ್ಧವಾಗುತ್ತದೆ. ಈ ಎರಡು ಸಾಲುಗಳ ಸರದಿ ಮುಖ್ಯ. ಮೇಲಿನದನ್ನು ಕೆಳಗೆ ಹಾಕಿದರೆ, ಹೋಲಿಸುವ ಮೊದಲೇ ಹೊಸ ಸ್ಥಿತಿ ಹಳೆಯದರ ಮೇಲೆ ಕೂತಿರುತ್ತದೆ. ಆಗ `Pulse` ಜನ್ಮದಲ್ಲಿ 1 ಆಗುವುದಿಲ್ಲ.

ಪಿಎಲ್‌ಸಿ ಭಾಷೆಗಳ ಅಂತಾರಾಷ್ಟ್ರೀಯ ಮಾನದಂಡವಾದ ಐಇಸಿ 61131-3 ಇದೇ ಎರಡು ಸಾಲನ್ನು `R_TRIG` ಎಂಬ ಹೆಸರಿನಲ್ಲಿ ಕೊಟ್ಟಿದೆ. ಕಂಪನಿಗಳು ಮಾತ್ರ ತಮಗೆ ತೋಚಿದ ಹೆಸರಿಟ್ಟುಕೊಂಡಿವೆ. ಮಿತ್ಸುಬಿಷಿ, ಡೆಲ್ಟಾಗಳಲ್ಲಿ `PLS` ಮತ್ತು `LDP`, ಓಮ್ರಾನ್‌ನಲ್ಲಿ `DIFU`, ರಾಕ್‌ವೆಲ್‌ನಲ್ಲಿ `ONS`. ಒಂದು ಕಂಪನಿಯದರಲ್ಲಿ ಕೈ ಪಳಗಿದವರು ಇನ್ನೊಂದಕ್ಕೆ ಹೋದಾಗ ಕೈಪಿಡಿ ತಿರುವುವುದು ತಪ್ಪುವುದಿಲ್ಲ. ನಮ್ಮ ಎಣ್ಣೆ ಯಂತ್ರಕ್ಕೆ ಬೇಕಾದ ರಿಪೇರಿ ಒಂದೇ ಅಕ್ಷರದ್ದು: `LD` ಇದ್ದಲ್ಲಿ `LDP`.

```
LDP X0
INC D100
```

ಇಲ್ಲಿ ಒಂದು ಪ್ರಶ್ನೆ ಏಳಬಹುದು. ಪಿಎಲ್‌ಸಿಯಲ್ಲಿ ಕೌಂಟರ್ ಎಂಬ ಸಿದ್ಧ ಆಜ್ಞೆ ಇದೆ, ಅದಕ್ಕೆ ಯಾರೂ ಒನ್ ಶಾಟ್ ಹಾಕುವುದಿಲ್ಲ, ಆದರೂ ಅದು ಸರಿಯಾಗಿ ಎಣಿಸುತ್ತದಲ್ಲ? ನಿಜ. ಕೌಂಟರಿನೊಳಗೆ ಎಡ್ಜ್ ಹಿಡಿಯುವ ಕೆಲಸ ಮೊದಲೇ ಸೇರಿಕೊಂಡಿದೆ. ಕೂಡು, ಕಳೆ, ಒಂದು ಸೇರಿಸು ಎನ್ನುವ ಲೆಕ್ಕದ ಆಜ್ಞೆಗಳಿಗೆ ಆ ನೆನಪು ಇಲ್ಲ. ಕೌಂಟರಿನಲ್ಲೇ ಕಲಿತವರು ಮೊದಲ ಸಲ `INC` ಬಳಸಿದಾಗ ಮುಗ್ಗರಿಸುವುದು ಈ ಕಾರಣಕ್ಕೆ.

ಸಂಖ್ಯೆ ಹಾರುವುದಾದರೂ ಕಣ್ಣಿಗೆ ಕಾಣುವ ತಪ್ಪು. ಒಂದೇ ಬಟನ್ನಿನಿಂದ ಮೋಟರನ್ನು ಆನ್ ಮತ್ತು ಆಫ್ ಎರಡೂ ಮಾಡುವ ಕಡೆ ಅದು ಲಾಟರಿಯಂತಾಗುತ್ತದೆ. ಒನ್ ಶಾಟ್ ಇಲ್ಲದಿದ್ದರೆ ಪ್ರತಿ ಸುತ್ತಿಗೂ ಆನ್, ಆಫ್, ಆನ್, ಆಫ್ ಎಂದು ಮಗುಚುತ್ತ ಹೋಗಿ, ಬೆರಳು ತೆಗೆದಾಗ ಸುತ್ತುಗಳ ಲೆಕ್ಕ ಬೆಸವಾಗಿದ್ದರೆ ಸ್ಥಿತಿ ಬದಲಾಗಿರುತ್ತದೆ, ಸಮವಾಗಿದ್ದರೆ ಮೊದಲಿದ್ದಲ್ಲೇ ಇರುತ್ತದೆ. ಅಂದರೆ ಅರ್ಧದಷ್ಟು ಸಲ ಎಲ್ಲ ಸರಿಯಿದ್ದಂತೆಯೇ ತೋರುತ್ತದೆ. ಇಂಥದ್ದೇ ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವ ದೋಷ, ಏಕೆಂದರೆ ತೋರಿಸಲು ಹೋದಾಗ ಅದು ಬರುವುದಿಲ್ಲ.

ಒನ್ ಶಾಟ್ ಹಾಕಿದ ಮೇಲೂ ಹಳೇ ರೋಗ ಮರುಕಳಿಸುವುದುಂಟು. ಎಷ್ಟೋ ಪಿಎಲ್‌ಸಿಗಳಲ್ಲಿ ಆ `Old` ನೆನಪಿಗೆ ಯಾವ ಬಿಟ್ ಎಂದು ಪ್ರೋಗ್ರಾಮ್ ಬರೆಯುವವರೇ ಹೇಳಬೇಕು. ಪ್ಲಸ್ ಬಟನ್ನಿನ ಸಾಲನ್ನು ಕಾಪಿ ಮಾಡಿ ಮೈನಸ್ಸಿಗೆ ಪೇಸ್ಟ್ ಮಾಡುತ್ತಾರೆ, ಬಟನ್ ಹೆಸರು ಬದಲಿಸುತ್ತಾರೆ, ನೆನಪಿನ ಬಿಟ್ ಬದಲಿಸುವುದು ಮರೆತುಹೋಗುತ್ತದೆ. ಈಗ ಪ್ಲಸ್ ಒತ್ತಿ ಹಿಡಿದರೆ ಮೊದಲ ಸಾಲು ಪಲ್ಸ್ ಕೊಟ್ಟು ‘ಒತ್ತಿದೆ’ ಎಂದು ಬರೆದಿಡುತ್ತದೆ. ಅದೇ ಸುತ್ತಿನಲ್ಲಿ ಕೆಳಗಿನ ಮೈನಸ್ ಸಾಲು ತನ್ನ ಬಟನ್ ಬಿಟ್ಟಿರುವುದನ್ನು ನೋಡಿ ಅದೇ ಬಿಟ್ಟಿನಲ್ಲಿ ‘ಬಿಟ್ಟಿದೆ’ ಎಂದು ತಿದ್ದುತ್ತದೆ. ಮುಂದಿನ ಸುತ್ತಿನಲ್ಲಿ ಪ್ಲಸ್ ಸಾಲಿಗೆ ಅದು ಹೊಸ ಒತ್ತಿನಂತೆಯೇ ಕಾಣುತ್ತದೆ. ಮತ್ತೆ ಪ್ರತಿ ಸ್ಕ್ಯಾನಿಗೂ ಒಂದೊಂದು ಏರಿಕೆ. ತೆರೆಯ ಮೇಲೆ ಎರಡೂ ಕಡೆ ಒನ್ ಶಾಟ್ ಇರುವುದು ಕಾಣುತ್ತದೆ, ಆದರೂ ಸಂಖ್ಯೆ ಹಾರುತ್ತದೆ. ಇಂಥಲ್ಲಿ ಆ ಬಿಟ್ ಪ್ರೋಗ್ರಾಮಿನಲ್ಲಿ ಎಲ್ಲೆಲ್ಲಿ ಬಳಕೆಯಾಗಿದೆ ಎಂದು ತೋರಿಸುವ ಕ್ರಾಸ್ ರೆಫರೆನ್ಸ್ ಪಟ್ಟಿ ತೆರೆಯಬೇಕು. ಎರಡು ಒನ್ ಶಾಟ್‌ಗಳ ಕೆಳಗೆ ಒಂದೇ ಬಿಟ್ ಸಿಕ್ಕರೆ ಕಳ್ಳ ಸಿಕ್ಕ ಹಾಗೆ.

ಇನ್ನೊಂದು ತೊಡಕು, ಆ ಪಲ್ಸ್ ಅನ್ನು ಕಣ್ಣಾರೆ ನೋಡಲು ಆಗದಿರುವುದು. ಲ್ಯಾಪ್‌ಟಾಪ್ ಹಚ್ಚಿ ಪ್ರೋಗ್ರಾಮನ್ನು ಆನ್‌ಲೈನ್‌ನಲ್ಲಿ ನೋಡಿದರೆ ಬಟನ್ ಒತ್ತಿದಾಗ ಅದರ ಗುರುತಿಗೆ ಬಣ್ಣ ಬರುತ್ತದೆ, ಪಲ್ಸ್ ಬಿಟ್ ಮಾತ್ರ ಸತ್ತಂತೆ ಇರುತ್ತದೆ. ಅದು ಬದುಕುವುದು 8 ಮಿಲಿಸೆಕೆಂಡ್. ತೆರೆ ತಾಜಾ ಆಗಲು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ‘ಪಲ್ಸ್ ಬರುತ್ತಲೇ ಇಲ್ಲ’ ಎಂದು ಸರಿಯಿದ್ದ ಸಾಲನ್ನು ಅಳಿಸಿ ಕೂರುವವರಿದ್ದಾರೆ. ಅನುಮಾನ ಬಂದರೆ ಆ ಪಲ್ಸ್‌ನಿಂದ ಬೇರೆಲ್ಲೂ ಬಳಕೆಯಲ್ಲಿರದ ಒಂದು ಜಾಗಕ್ಕೆ ಒಂದೊಂದು ಸೇರುವಂತೆ ತಾತ್ಕಾಲಿಕವಾಗಿ ಬರೆದು, ಹತ್ತು ಸಲ ಬಟನ್ ಒತ್ತಿ ನೋಡಿ. ಅಲ್ಲಿ 10 ಬಂದರೆ ಪಲ್ಸ್ ಸರಿಯಾಗಿದೆ.

10ರ ಬದಲು 13 ಬಂದರೆ? ಅದು ಬೇರೆಯೇ ಕಾಯಿಲೆ. ಬಟನ್ನಿನೊಳಗಿನ ಲೋಹದ ತುದಿಗಳು ಕೂಡುವಾಗ ಕೆಲವು ಮಿಲಿಸೆಕೆಂಡ್ ಪುಟಿಯುತ್ತವೆ. ಪುಟಿದಾಗಲೆಲ್ಲ ಒಂದು ಬಿಡುಗಡೆ, ಒಂದು ಹೊಸ ಒತ್ತು. ಒನ್ ಶಾಟ್‌ಗೆ ಪುಟಿತ ಯಾವುದು, ಬೆರಳಿನ ಒತ್ತು ಯಾವುದು ಎಂಬ ಭೇದ ತಿಳಿಯದು. ಎಡ್ಜ್ ಕಂಡಷ್ಟು ಸಲ ಎಣಿಸುತ್ತದೆ. ಪಿಎಲ್‌ಸಿಯ ಇನ್‌ಪುಟ್ಟಿನಲ್ಲೇ ಒಂದು ಫಿಲ್ಟರ್ ಇರುತ್ತದೆ, ಮಿತ್ಸುಬಿಷಿಯ ಎಫ್‌ಎಕ್ಸ್ ಸಾಲಿನಲ್ಲಿ ಸಾಮಾನ್ಯವಾಗಿ 10 ಮಿಲಿಸೆಕೆಂಡಿನದು. ಒಳ್ಳೆಯ ಬಟನ್ನಿಗೆ ಅಷ್ಟು ಸಾಕು. ಸವೆದ ಲಿಮಿಟ್ ಸ್ವಿಚ್ಚಿಗೆ, ಅದುರುವ ಯಂತ್ರಕ್ಕೆ ಸಾಲದು. ಆಗ ಬಟನ್ 50 ಮಿಲಿಸೆಕೆಂಡ್ ಬಿಡದೆ ಒತ್ತಿಕೊಂಡಿದ್ದರೆ ಮಾತ್ರ ನಂಬು ಎಂದು ಒಂದು ಟೈಮರ್ ಇಟ್ಟು, ಆ ಟೈಮರಿನ ಫಲಿತಾಂಶಕ್ಕೆ ಒನ್ ಶಾಟ್ ಹಾಕುತ್ತಾರೆ. ಎರಡು ಕಾಯಿಲೆಗಳನ್ನು ಗುರುತಿಸುವುದು ಕಷ್ಟವಲ್ಲ. ಒತ್ತಿ ಹಿಡಿದಷ್ಟೂ ಸಂಖ್ಯೆ ಓಡುತ್ತಿದ್ದರೆ ಒನ್ ಶಾಟ್ ಇಲ್ಲ ಅಥವಾ ಕೆಟ್ಟಿದೆ. ಎಷ್ಟೇ ಹೊತ್ತು ಹಿಡಿದರೂ ಒಮ್ಮೊಮ್ಮೆ ಎರಡೋ ಮೂರೋ ಮಾತ್ರ ಏರಿ ನಿಂತರೆ ಸ್ವಿಚ್ ಪುಟಿಯುತ್ತಿದೆ.

ಪೌಚ್ ಲೆಕ್ಕ ತಪ್ಪಿದರೆ ಎಣ್ಣೆಯಷ್ಟೇ ವ್ಯರ್ಥ. ರೀಸೆಟ್ ಬಟನ್ನಿನ ವಿಚಾರದಲ್ಲಿ ಮನುಷ್ಯರ ಕೈಕಾಲಿನ ಪ್ರಶ್ನೆ ಬರುತ್ತದೆ. ಪ್ರೆಸ್ಸಿನ ರಕ್ಷಣಾ ಗೇಟ್ ತೆರೆದರೆ ಯಂತ್ರ ನಿಲ್ಲುತ್ತದೆ. ಗೇಟ್ ಮುಚ್ಚಿ ರೀಸೆಟ್ ಒತ್ತಿದ ಮೇಲೆಯೇ ಮತ್ತೆ ಚಾಲೂ ಮಾಡಲು ಬಿಡುತ್ತದೆ. ಪದೇಪದೇ ಒತ್ತುವ ರೇಜಿಗೆಗೆ ಯಾರೋ ಆ ಬಟನ್ನಿನ ಸಂದಿಗೆ ಬೆಂಕಿಕಡ್ಡಿ ಸಿಕ್ಕಿಸಿ ಶಾಶ್ವತವಾಗಿ ಒತ್ತಿಟ್ಟಿರುತ್ತಾರೆ. ಒನ್ ಶಾಟ್ ಇಲ್ಲದಿದ್ದರೆ ಗೇಟ್ ಮುಚ್ಚಿದ ಮರುಕ್ಷಣ ರೀಸೆಟ್ ತಾನಾಗಿಯೇ ಆಗುತ್ತದೆ, ಒಳಗೆ ಯಾರಾದರೂ ಇದ್ದಾರೆಯೇ ಎಂದು ನೋಡುವವರಿಲ್ಲ. ರೈಸಿಂಗ್ ಎಡ್ಜ್ ಹಾಕಿದರೆ ಬೆಂಕಿಕಡ್ಡಿಯ ಆಟ ನಡೆಯದು, ಆದರೆ ವೈರ್ ಎಲ್ಲೋ ಶಾರ್ಟ್ ಆದರೆ ಆ ಶಾರ್ಟೇ ಒಂದು ಹೊಸ ಒತ್ತಾಗಿ ಎಣಿಕೆಯಾಗುತ್ತದೆ. ಅದಕ್ಕೇ ಯಂತ್ರ ಸುರಕ್ಷತೆಯ ಮಾನದಂಡವಾದ ಐಎಸ್ಒ 13849-1ರ 2006ರ ಆವೃತ್ತಿ ರೀಸೆಟ್ಟನ್ನು ಬಟನ್ ಬಿಟ್ಟಾಗಲೇ ಒಪ್ಪಬೇಕು ಎಂದಿತು. ಶಾರ್ಟ್ ಆದ ವೈರ್ ಒತ್ತಿದಂತೆ ನಟಿಸಬಲ್ಲದು, ಆದರೆ ಹಾಗೇ ಅಂಟಿಕೊಂಡಿರುವವರೆಗೆ ಬಿಟ್ಟ ಸಂಕೇತ ಬರುವುದಿಲ್ಲ. ಈ ರೀಸೆಟ್ಟನ್ನು ಸಾಮಾನ್ಯ ಪಿಎಲ್‌ಸಿಯಲ್ಲಿ ಬರೆದು ಕೈತೊಳೆದುಕೊಳ್ಳುವಂತಿಲ್ಲ. ಅದರ ಜಾಗ ಸೇಫ್ಟಿ ರಿಲೇ ಇಲ್ಲವೇ ಸೇಫ್ಟಿ ಪಿಎಲ್‌ಸಿ. ಅಲ್ಲಿ ತನ್ನದೇ ಒಳಗಿನ ಭಾಗ ಕೆಟ್ಟಿದೆಯೇ ಎಂದು ಪರೀಕ್ಷಿಸಿಕೊಳ್ಳುವ ವ್ಯವಸ್ಥೆಯೂ ಇರುತ್ತದೆ.