ಮೂಳೆಯಲ್ಲಿ ಲೋಹ, ಕೈಯಲ್ಲಿ ಯಂತ್ರ

ಫಿಸಿಯೊಥೆರಪಿ ಪದವಿಯ ಪರೀಕ್ಷೆಯಲ್ಲಿ ಬರುವಂತಹ ಒಂದು ಪ್ರಶ್ನೆಯನ್ನು ಓದುಗರ ಮುಂದೆ ಇಡುತ್ತೇವೆ. ರೋಗಿಯ ಮುಂದೋಳಿನ ಮೂಳೆ ಹಿಂದೆ ಮುರಿದು, ಮೊಣಕೈಗೆ ಸಮೀಪದಲ್ಲಿ ಉಕ್ಕಿನ ಪಟ್ಟಿಯನ್ನು ತಿರುಪುಗಳಿಂದ ಬಿಗಿದಿದ್ದಾರೆ. ಈಗ ಒಂದು ವಾರದಿಂದ ಮೊಣಕೈಯ ಹೊರಮಗ್ಗುಲಿನ ಸ್ನಾಯುರಜ್ಜುವಿನಲ್ಲಿ ನೋವೂ ಊತವೂ ಇವೆ. ಆತನಿಗೆ ಶಾರ್ಟ್‌ವೇವ್ ಡಯಾಥರ್ಮಿಯನ್ನು ಕೊಡಬಹುದೇ, ಅಲ್ಟ್ರಾಸೌಂಡನ್ನು ಕೊಡಬಹುದೇ? ಕೊಡುವುದಾದರೆ ಎಷ್ಟು?

‘ಲೋಹವಿದ್ದಲ್ಲಿ ವಿದ್ಯುಚ್ಚಿಕಿತ್ಸೆ ಸಲ್ಲದು’ ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿ ಎರಡನ್ನೂ ತಳ್ಳಿಹಾಕುತ್ತಾನೆ. ಅವನ ಉತ್ತರದಲ್ಲಿ ಅರ್ಧ ಮಾತ್ರ ಸರಿ. ಏಕೆಂದು ತಿಳಿಯಲು, ಈ ಎರಡು ಯಂತ್ರಗಳು ದೇಹದೊಳಗೆ ಶಾಖವನ್ನು ಹೇಗೆ ಹುಟ್ಟಿಸುತ್ತವೆ ಎಂಬುದನ್ನು ನಾವು ನೋಡಬೇಕು.

ಶಾರ್ಟ್‌ವೇವ್ ಯಂತ್ರವು ಸೆಕೆಂಡಿಗೆ 2 ಕೋಟಿ 71 ಲಕ್ಷ 20 ಸಾವಿರ ಬಾರಿ, ಅಂದರೆ 27.12 ಮೆಗಾಹರ್ಟ್ಸ್ ಆವರ್ತನದಲ್ಲಿ, ದಿಕ್ಕು ಬದಲಿಸುವ ವಿದ್ಯುತ್‌ಕ್ಷೇತ್ರವನ್ನು ಉಂಟುಮಾಡುತ್ತದೆ. ಎರಡು ಫಲಕಗಳ ನಡುವೆ ಕೈಯನ್ನಿರಿಸಿದರೆ, ಅಂಗಾಂಶದ ರಸದಲ್ಲಿರುವ ಅಯಾನುಗಳು ಅತ್ತಿತ್ತ ಓಲಾಡಿ, ಆ ಘರ್ಷಣೆಯೇ ಶಾಖವಾಗುತ್ತದೆ. ಈ ಕ್ಷೇತ್ರದಲ್ಲಿ ಲೋಹದ ತುಂಡೊಂದು ಸಿಕ್ಕಿತೆಂದರೆ, ಹರಡಿಕೊಂಡು ಸಾಗಬೇಕಾದ ಕ್ಷೇತ್ರರೇಖೆಗಳು ಅದರತ್ತ ಬಾಗಿ, ಅದರ ತುದಿಗಳಲ್ಲಿ ಕಿಕ್ಕಿರಿಯುತ್ತವೆ. ಪಟ್ಟಿಯ ತುದಿಗೆ ತಾಗಿರುವ ಮಾಂಸವು ಸುತ್ತಲಿನದಕ್ಕಿಂತ ಬಹಳ ಹೆಚ್ಚಾಗಿ ಕಾಯುತ್ತದೆ.

ಈ ಅಪಾಯ ಕಣ್ಣಿಗೆ ಕಾಣುವಂತಹುದಲ್ಲ. ಅಂಗಾಂಶದೊಳಗಿನ ಶಾಖವನ್ನು ಯಂತ್ರದ ಮುಳ್ಳು ತೋರಿಸುವುದಿಲ್ಲ. ‘ಹಿತವಾದ ಬೆಚ್ಚಗೆ’ ಎಂದು ರೋಗಿ ಹೇಳುವ ಮಾತೇ ಪ್ರಮಾಣದ ಅಳತೆ. ಬಿಸಿಯನ್ನು ಚೆನ್ನಾಗಿ ಅರಿಯುವುದು ಚರ್ಮ. ಆಳದಲ್ಲಿ ಸುಡುತ್ತಿರುವಾಗ ರೋಗಿಗೆ ಮಂದವಾದ ನೋವಷ್ಟೇ ತಿಳಿಯಬಹುದು. ಆದುದರಿಂದಲೇ ಮೊದಲು ಬಿಸಿನೀರಿನ ಮತ್ತು ತಣ್ಣೀರಿನ ಎರಡು ಪರೀಕ್ಷಾನಳಿಗೆಗಳನ್ನು ಚರ್ಮಕ್ಕೆ ತಾಗಿಸಿ, ರೋಗಿ ಭೇದವನ್ನು ಗುರುತಿಸುವನೇ ಎಂದು ನೋಡುತ್ತಾರೆ. ಗುರುತಿಸಲಾರದವನಿಗೆ, ಲೋಹವಿಲ್ಲದಿದ್ದರೂ, ಈ ಶಾಖಚಿಕಿತ್ಸೆ ನಿಷಿದ್ಧ. ನಮ್ಮ ರೋಗಿಗಂತೂ ಪಟ್ಟಿಯ ಕಾರಣದಿಂದಲೇ ಶಾರ್ಟ್‌ವೇವ್ ಸಲ್ಲದು.

ಅಲ್ಟ್ರಾಸೌಂಡಿನ ರೀತಿಯೇ ಬೇರೆ. ಯಂತ್ರ ನಡೆಯುವುದು ವಿದ್ಯುತ್ತಿನಿಂದಾದರೂ ದೇಹವನ್ನು ಹೊಗುವುದು ವಿದ್ಯುತ್ತಲ್ಲ, ಕಿವಿಗೆ ಕೇಳಿಸದ ಧ್ವನಿಯ ಕಂಪನ. ಈ ಕಂಪನಕ್ಕೆ ಲೋಹದ ತುದಿಗಳಲ್ಲಿ ಕಿಕ್ಕಿರಿಯುವ ಗುಣವಿಲ್ಲ. ಅದರ ಬಹುಭಾಗವು ಲೋಹದ ಮೈಯಿಂದ ಹಿಂದಕ್ಕೆ ಪ್ರತಿಫಲಿಸುತ್ತದೆ. ಅಲ್ಲಿ ಹುಟ್ಟಿದ ಶಾಖವನ್ನು ಲೋಹವೇ ಬೇಗನೆ ಸಾಗಿಸಿ ಹಂಚಿಬಿಡುತ್ತದೆ. ಹೀಗಾಗಿ ಉಕ್ಕಿನ ಪಟ್ಟಿಯೊಂದೇ ಅಲ್ಟ್ರಾಸೌಂಡಿಗೆ ನಿಷೇಧವಾಗದು. ಆದರೆ ಪ್ರತಿಫಲಿಸಿದ ತರಂಗವು ಬರುವ ತರಂಗದೊಡನೆ ಕೂಡಿ ಒಂದೇ ಎಡೆಯಲ್ಲಿ ನಿಲ್ಲಬಾರದಲ್ಲವೇ? ಅದಕ್ಕಾಗಿ ಯಂತ್ರದ ತಲೆಯನ್ನು ಚರ್ಮದ ಮೇಲೆ ಸದಾ ಮೆಲ್ಲಗೆ ಸುತ್ತಾಡಿಸುತ್ತಿರಬೇಕು. ಮೂಳೆಯೊಳಗೆ ಕೊರೆದಂತೆ ನೋವಾಯಿತೆಂದು ರೋಗಿ ಹೇಳಿದರೆ ಪ್ರಮಾಣ ಮೀರಿತೆಂದು ತಿಳಿದು ಒಡನೆ ತಗ್ಗಿಸಬೇಕು.

ಇನ್ನು ಪ್ರಮಾಣದ ಮಾತು. 1 ಮೆಗಾಹರ್ಟ್ಸ್ ಧ್ವನಿ ಕೆಲವು ಸೆಂಟಿಮೀಟರ್ ಆಳಕ್ಕೆ ಇಳಿಯುತ್ತದೆ. 3 ಮೆಗಾಹರ್ಟ್ಸ್ ಧ್ವನಿಯನ್ನು ಅಂಗಾಂಶಗಳು ಬೇಗ ಹೀರಿಕೊಳ್ಳುವುದರಿಂದ ಅದರ ಶಕ್ತಿ ಮೇಲುಪದರಗಳಲ್ಲೇ ಮುಗಿಯುತ್ತದೆ. ನಮ್ಮ ರೋಗಿಯ ಸ್ನಾಯುರಜ್ಜು ಚರ್ಮದ ಕೆಳಗೇ ಇರುವುದರಿಂದ 3 ಮೆಗಾಹರ್ಟ್ಸ್ ತಕ್ಕುದು. ನೋವು ಹೊಸದು, ಊತವೂ ಇದೆ. ಶಾಖ ಅಲ್ಲಿ ಬೇಡ. ಆದುದರಿಂದ ಧ್ವನಿಯನ್ನು ಬಿಟ್ಟು ಬಿಟ್ಟು ಕೊಡುತ್ತಾರೆ: ಸೆಕೆಂಡಿನ ಸಾವಿರದ 2 ಭಾಗ ಕಂಪನ, 8 ಭಾಗ ಬಿಡುವು. ಹತ್ತರಲ್ಲಿ ಎರಡು ಎಂದರೆ ನೂರಕ್ಕೆ 20. ಕಂಪನದ ವೇಳೆಯ ತೀವ್ರತೆ ಚದರ ಸೆಂಟಿಮೀಟರಿಗೆ 0.5 ವಾಟ್ ಆದರೆ, ಬಿಡುವನ್ನೂ ಸೇರಿಸಿದ ಸರಾಸರಿ 0.1 ವಾಟ್ ಮಾತ್ರ. ಇಷ್ಟು ಅಲ್ಪಶಕ್ತಿಯಿಂದ ಗಣನೀಯವಾದ ಶಾಖ ಹುಟ್ಟದು. ಇದೇ ಪ್ರಶ್ನೆಗೆ ಉತ್ತರ. ಇದರಿಂದ ನೋವು ಗುಣವಾಗಿಯೇ ತೀರುವುದೆಂದು ಮಾತ್ರ ಭಾವಿಸಲಾಗದು. ಆ ವಿಷಯದಲ್ಲಿ ನಡೆದ ಅಧ್ಯಯನಗಳ ಫಲಿತಾಂಶಗಳು ಒಂದೇ ತೆರನಾಗಿಲ್ಲ.

ಪರೀಕ್ಷಕನು ಪ್ರಶ್ನೆಯ ಒಂದು ಪದವನ್ನು ಬದಲಿಸಿದನೆನ್ನೋಣ. ಉಕ್ಕಿನ ಪಟ್ಟಿಯ ಬದಲು, ಪ್ಲಾಸ್ಟಿಕ್ ಭಾಗವುಳ್ಳ, ಮೂಳೆಸಿಮೆಂಟಿನಿಂದ ಕೂರಿಸಿದ ಕೃತಕ ಸಂಧಿ ಅಲ್ಲಿದೆ. ಲೋಹ ಕಡಮೆಯಾಯಿತೆಂದು ಧೈರ್ಯಗೊಳ್ಳುವಂತಿಲ್ಲ. ಪ್ಲಾಸ್ಟಿಕ್ಕೂ ಸಿಮೆಂಟೂ ಧ್ವನಿಯನ್ನು ಹೀರಿ ಕಾಯುತ್ತವೆ. ಆ ಶಾಖವನ್ನು ಲೋಹದಂತೆ ಸಾಗಿಸಲೂ ಅರಿಯವು. ಆದುದರಿಂದ ಅದರ ಮೇಲೆ ಅಲ್ಟ್ರಾಸೌಂಡನ್ನು ಹಾಯಿಸದಿರುವುದೇ ಲೇಸು. ಹಾಗಾಗಿ ರೋಗಿಯ ದೇಹದಲ್ಲಿ ಏನೋ ಒಂದನ್ನು ಕೂರಿಸಿದ್ದಾರೆಂದು ತಿಳಿದರೆ ಸಾಲದು. ಅದು ಯಾವ ವಸ್ತುವಿನದು, ನಮ್ಮ ಕೈಯಲ್ಲಿರುವ ಯಂತ್ರದ ಶಕ್ತಿ ಆ ವಸ್ತುವಿನಲ್ಲಿ ಏನಾಗುತ್ತದೆ ಎಂಬೆರಡು ಪ್ರಶ್ನೆಗಳನ್ನು ಗುಂಡಿ ಒತ್ತುವ ಮೊದಲೇ ಕೇಳಬೇಕು.